ಕೊನೆಯ ಪ್ರೈಮರ್ ಹತ್ತೇ ಅಕ್ಷರ, ಆದರೆ ಟೆಲೋಮಿಯರ್ ಐವತ್ತು-ನೂರು ಅಕ್ಷರ ಕಳೆದುಕೊಳ್ಳುವುದು ಯಾಕೆ?

ಸವಿತಾ_ಬಯಾಲಜಿ

ಎಲ್ಲರಿಗೂ ನಮಸ್ಕಾರ. ನಾನು ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಡಿಎನ್‌ಎ ನಕಲಾಗುವ ಪಾಠದ ಕೊನೆಗೆ ಪ್ರತಿವರ್ಷ ಒಂದೇ ಮಾತು ಹೇಳುತ್ತೇನೆ. ತುಂಡು ತುಂಡಾಗಿ ನಕಲಾಗುವ ಲ್ಯಾಗಿಂಗ್ ಎಳೆಯಲ್ಲಿ, ನಕಲು ಶುರು ಮಾಡಿಸುವ ಆರ್‌ಎನ್‌ಎ ತುಂಡಾದ ಪ್ರೈಮರ್‌ಗಳಲ್ಲಿ ಕೊನೆಯದನ್ನು ತೆಗೆದ ಮೇಲೆ ಆ ಜಾಗ ತುಂಬುವುದಕ್ಕೆ ಆಗುವುದಿಲ್ಲ, ಅದಕ್ಕೇ ಕ್ರೋಮೋಸೋಮಿನ ತುದಿಯಾದ ಟೆಲೋಮಿಯರ್ ಸವೆಯುತ್ತದೆ ಅಂತ.

ಈ ಸಲ ಒಬ್ಬ ವಿದ್ಯಾರ್ಥಿನಿ ನೋಟ್‌ಬುಕ್‌ನಲ್ಲಿ ಲೆಕ್ಕ ಹಾಕಿಕೊಂಡು ಬಂದು ಕೇಳಿದಳು. ಪ್ರೈಮರ್ ಇರುವುದು ಸುಮಾರು 10 ಅಕ್ಷರ. ಪ್ರತಿ ವಿಭಜನೆಗೆ ಸವೆಯುವುದು 50ರಿಂದ 100 ಅಕ್ಷರ. ಹಾಗಾದರೆ ಉಳಿದದ್ದು ಎಲ್ಲಿ ಹೋಯಿತು? ಅಲ್ಲದೆ, ಎರಡು ನಕಲುಗಳಲ್ಲಿ ಒಂದು ತಡೆಯಿಲ್ಲದೆ ಒಂದೇ ಸಮನೆ ನಕಲಾಗುವ ಲೀಡಿಂಗ್ ಎಳೆಯದು. ಅದಕ್ಕೆ ತುದಿಯಲ್ಲಿ ಪ್ರೈಮರ್ ತೊಂದರೆಯೇ ಇಲ್ಲ. ಸರಾಸರಿ ತೆಗೆದರೆ ನಷ್ಟ 5 ಅಕ್ಷರ ಆಗಬೇಕಿತ್ತು, ಅಲ್ವಾ ಮಿಸ್?

ನನ್ನ ಹತ್ತಿರ ಉತ್ತರ ಇರಲಿಲ್ಲ. ಇಲ್ಲಿ ಈ ಕೆಲಸ ಮಾಡುವವರು ಯಾರಾದರೂ ಇದ್ದರೆ ದಯವಿಟ್ಟು ಬಿಡಿಸಿ ಹೇಳಿ.

ರಘು_ಕೆ

ಮೇಡಂ, ಹುಡುಗಿ ಲೆಕ್ಕ ಸರಿ ಇದೆ. ಆದರೆ ಪ್ರೈಮರ್ ಒಂದೇ ಕಾರಣ ಅಲ್ಲ. ಟೆಲೋಮಿಯರ್‌ನಲ್ಲಿ ಜಿ ಅಕ್ಷರ ಜಾಸ್ತಿ. ಆಕ್ಸಿಜನ್‌ನಿಂದ ಆಗುವ ಹಾನಿ ಜಿ ಮೇಲೆ ಬೇಗ ಬೀಳುತ್ತದೆ. ಉಳಿದ ಅಕ್ಷರಗಳು ಹೋಗುವುದು ಅದರಿಂದಲೇ. ಕ್ಯಾನ್ಸರ್ ಕೋಶದಲ್ಲಿ ಟೆಲೋಮಿಯರ್ ಬೆಳೆಸುವ ಟೆಲೋಮರೇಸ್ ಎಂಬ ಕಿಣ್ವ ಇರುವುದರಿಂದ ಟೆಲೋಮಿಯರ್ ತುಂಬಾ ಉದ್ದ ಇರುತ್ತದೆ, ಹಾಗಾಗಿ ಅವಕ್ಕೆ ಸಾವಿಲ್ಲ. ನಮ್ಮ ಕೋಶಗಳಲ್ಲಿ ಟೆಲೋಮಿಯರ್ ಪೂರ್ತಿ ಮುಗಿದಾಗ ಕೋಶ ಸಾಯುತ್ತದೆ, ಅದೇ ಮುಪ್ಪು. ವಿಷಯ ಇಷ್ಟೇ.

ತುದಿಎಳೆ

ನಾನು ಡಿಎನ್‌ಎ ನಕಲಾಗುವುದರ ಮೇಲೆ ಕೆಲಸ ಮಾಡುತ್ತೇನೆ, ಮಾನವ ಕೋಶಗಳಲ್ಲಿ. ಸವಿತಾ ಮೇಡಂ, ನಿಮ್ಮ ವಿದ್ಯಾರ್ಥಿನಿಗೆ ನನ್ನ ಕಡೆಯಿಂದ ಶಹಬ್ಬಾಸ್ ಹೇಳಿ. ಪುಸ್ತಕದ ಚಿತ್ರದಲ್ಲಿ ಕ್ರೋಮೋಸೋಮಿನ ತುದಿ ನೇರವಾಗಿ ಕತ್ತರಿಸಿದ ಹಾಗೆ ಇರುತ್ತದೆ. ನಿಜವಾದ ತುದಿ ಹಾಗಿಲ್ಲ. ಅವಳ ಲೆಕ್ಕ ಸಿಕ್ಕಿಹಾಕಿಕೊಂಡಿದ್ದು ಅಲ್ಲೇ.

ನಮ್ಮ ಟೆಲೋಮಿಯರ್‌ನಲ್ಲಿ ಒಂದು ಎಳೆಯಲ್ಲಿ TTAGGG ಸಾವಿರಾರು ಸಲ ಬರುತ್ತದೆ. ಎದುರಿನ ಎಳೆಯಲ್ಲಿ CCCTAA. ಮೊದಲನೆಯದನ್ನು ಜಿ ಎಳೆ, ಎರಡನೆಯದನ್ನು ಸಿ ಎಳೆ ಅನ್ನೋಣ. ಜಿ ಎಳೆ ಉದ್ದ, ಸಿ ಎಳೆ ಗಿಡ್ಡ. ಜಿ ಎಳೆಯ ಕೊನೆಯ ತುಂಡು ಜೊತೆ ಇಲ್ಲದೆ ಒಂಟಿಯಾಗಿ ಚಾಚಿಕೊಂಡಿರುತ್ತದೆ. ಮನುಷ್ಯರಲ್ಲಿ ಆ ಚಾಚು ಸುಮಾರು 50ರಿಂದ 300 ಅಕ್ಷರ. ಲೆಕ್ಕ ಸುಲಭವಾಗಲಿ ಅಂತ 100 ಎಂದು ಇಟ್ಟುಕೊಳ್ಳೋಣ.

ಈಗ ನಕಲು ಮಾಡುವ ಯಂತ್ರ ಒಳಗಿನಿಂದ ತುದಿಯ ಕಡೆಗೆ ಬರುತ್ತದೆ. ಲೀಡಿಂಗ್ ನಕಲಿಗೆ ಅಚ್ಚು ಯಾವುದು? ಸಿ ಎಳೆ. ಅದು 100 ಅಕ್ಷರ ಗಿಡ್ಡ. ಹೊಸ ಜಿ ಎಳೆ ಸಿ ಎಳೆ ಮುಗಿದ ಕಡೆಯೇ ಮುಗಿಯುತ್ತದೆ. ಅಂದರೆ ಹಳೆಯ ಜಿ ಎಳೆಗಿಂತ ಹೊಸದು ಒಂದೇ ಏಟಿಗೆ 100 ಅಕ್ಷರ ಕಡಿಮೆ. ಚಾಚು ಇದ್ದ ಜಾಗಕ್ಕೆ ಅಚ್ಚೇ ಇರಲಿಲ್ಲವಲ್ಲ!

ಲ್ಯಾಗಿಂಗ್ ನಕಲಿಗೆ ಅಚ್ಚು ಪೂರ್ತಿ ಉದ್ದದ ಜಿ ಎಳೆ. ಅದರ ಮೇಲೆ ಹೊಸ ಸಿ ಎಳೆ ತುಂಡು ತುಂಡಾಗಿ ಬರುತ್ತದೆ, ತುದಿಯ ತನಕ ಬರುವುದಿಲ್ಲ. ಆದರೆ ಬರಬೇಕಾಗಿಯೂ ಇಲ್ಲ. ತುದಿಗೆ 100 ಅಕ್ಷರ ಮುಂಚೆ ನಿಂತರೆ ಅದು ಹಳೆಯ ಕ್ರೋಮೋಸೋಮಿನ ಆಕಾರವೇ ಆಯಿತು. ಚಾಚೂ ಸಿಕ್ಕಿತು, ನಷ್ಟವೂ ಇಲ್ಲ.

ಒಂದು ನಕಲಿನಲ್ಲಿ ನಷ್ಟ 100, ಇನ್ನೊಂದರಲ್ಲಿ 0. ಸರಾಸರಿ 50. ಚಾಚು 200 ಇದ್ದರೆ ಸರಾಸರಿ 100. ಅವಳು ಹುಡುಕುತ್ತಿದ್ದ ಅಂಕಿ ಬಂತು. ಸವೆತದ ವೇಗ ಪ್ರೈಮರ್ ಉದ್ದವನ್ನು ಅಲ್ಲ, ಚಾಚಿನ ಉದ್ದವನ್ನು ಅನುಸರಿಸುತ್ತದೆ. ಬೇರೆ ಬೇರೆ ಮಾನವ ಕೋಶಗಳಲ್ಲಿ ಚಾಚು ಮತ್ತು ಸವೆತ ಎರಡನ್ನೂ ಅಳೆದು ವುಡ್‌ರಿಂಗ್ ರೈಟ್ ಮತ್ತು ಜೆರ್ರಿ ಶೇ ತಂಡ 2000ರಲ್ಲೇ ಇದನ್ನು ತೋರಿಸಿತ್ತು.

ರಘು ಅವರೇ, ಆಕ್ಸಿಜನ್ ಹಾನಿಯ ಮಾತು ಸುಳ್ಳಲ್ಲ. ಆಕ್ಸಿಜನ್ ಜಾಸ್ತಿ ಇರುವ ಕಡೆ ಬೆಳೆಸಿದ ಕೋಶಗಳಲ್ಲಿ ಸವೆತ ಬೇಗ ಆಗುತ್ತದೆ. ಆದರೆ ಅದು ಮೇಲಿನಿಂದ ಸೇರುವ ನಷ್ಟ. ಹಾನಿ ಏನೂ ಇಲ್ಲದಿದ್ದರೂ ಈ 50 ಹೋಗಿಯೇ ಹೋಗುತ್ತದೆ. ಕ್ಯಾನ್ಸರ್ ಕೋಶದಲ್ಲಿ ಟೆಲೋಮಿಯರ್ ಉದ್ದ ಅಂದಿದ್ದು ಮಾತ್ರ ಸರಿಯಲ್ಲ. ಅದನ್ನು ಬೇರೆಯಾಗಿಯೇ ಮಾತಾಡಬೇಕು.

ಸವಿತಾ_ಬಯಾಲಜಿ

ಎಷ್ಟು ಸ್ಪಷ್ಟವಾಯಿತು! ಆದರೆ ಲೀಡಿಂಗ್ ನಕಲು ಸಮನಾದ ತುದಿಯಲ್ಲಿ ಮುಗಿಯುತ್ತದೆ ಅಂದಿರಿ. ಹಾಗಾದರೆ ಅದಕ್ಕೆ ಚಾಚೇ ಇಲ್ಲ. ಮುಂದಿನ ವಿಭಜನೆಯಲ್ಲಿ ಅದು ಸವೆಯಬಾರದು ಅಲ್ವಾ?

ತುದಿಎಳೆ

ಸಮನಾದ ತುದಿಯನ್ನು ಕೋಶ ಹಾಗೇ ಬಿಡುವುದಿಲ್ಲ ಮೇಡಂ. ತುಂಡಾದ ಡಿಎನ್‌ಎ ಕೂಡ ಅದೇ ಥರ ಕಾಣುತ್ತದೆ. ರಿಪೇರಿ ಮಾಡುವ ಪ್ರೋಟೀನುಗಳು ಬಂದು ಅದನ್ನು ಇನ್ನೊಂದು ಕ್ರೋಮೋಸೋಮಿಗೆ ಅಂಟಿಸಿಬಿಡುತ್ತವೆ. ಹಾಗಾಗಿ ಟೆಲೋಮಿಯರ್ ಮೇಲೆ ಕೂತಿರುವ ಟಿಆರ್‌ಎಫ್2 ಅನ್ನುವ ಪ್ರೋಟೀನ್ ಅಪೋಲೋ ಎಂಬ ಕಿಣ್ವವನ್ನು ಕರೆಸುತ್ತದೆ. ಅಪೋಲೋ ಸಿ ಎಳೆಯ ತುದಿಯನ್ನು ಸ್ವಲ್ಪ ಕಡಿಯುತ್ತದೆ. ಆಮೇಲೆ ಎಕ್ಸೋ1 ಇನ್ನಷ್ಟು ಕಡಿಯುತ್ತದೆ, ಬೇಕಾದ್ದಕ್ಕಿಂತ ಜಾಸ್ತಿಯೇ. ಕೊನೆಗೆ ಸಿಎಸ್‌ಟಿ ಎಂಬ ಮೂರು ಪ್ರೋಟೀನುಗಳ ಜೋಡಣೆ ಪಾಲಿಮರೇಸ್ ಆಲ್ಫಾವನ್ನು ಕರೆತಂದು ಸಿ ಎಳೆಯನ್ನು ಒಂದಷ್ಟು ವಾಪಸ್ ತುಂಬಿಸುತ್ತದೆ. ಹೀಗೆ ಚಾಚು ಮತ್ತೆ ಹುಟ್ಟುತ್ತದೆ. ಜಿ ಎಳೆಯ ಆ ಚಾಚು ಹಿಂದಕ್ಕೆ ಬಾಗಿ ಒಳಗೆ ಹೊಕ್ಕು ಕುಣಿಕೆಯಾಗುತ್ತದೆ. ತುದಿ ಬಚ್ಚಿಟ್ಟ ಹಾಗಾಯಿತು. ಮುಂದಿನ ಸಲ ಮತ್ತೆ ಅದೇ ನಷ್ಟ.

ನಾನು ಮೇಲೆ ಲ್ಯಾಗಿಂಗ್ ನಕಲಿಗೆ ನಷ್ಟ 0 ಅಂದೆ. ಅದು ಸಿಎಸ್‌ಟಿ ಅಲ್ಲೂ ಕೆಲಸ ಮಾಡುತ್ತಿದ್ದರೆ ಮಾತ್ರ. 2024ರಲ್ಲಿ ಟಿಟಿಯಾ ಡಿ ಲಾಂಗ್ ಮತ್ತು ಜೋಸೆಫ್ ಯೀಲ್ಸ್ ಪ್ರಯೋಗಾಲಯಗಳು ಸೇರಿ ಇದನ್ನು ತೋರಿಸಿದವು. ನಕಲು ಯಂತ್ರ ಒಂಟಿ ಚಾಚಿನ ಮೇಲೆ ಹೊಸ ತುಂಡು ಶುರು ಮಾಡುವುದೇ ಇಲ್ಲ, ಇನ್ನೂ ಒಳಗೇ ನಿಂತುಬಿಡುತ್ತದೆ. ಸಿಎಸ್‌ಟಿ ಬಂದು ತುಂಬದಿದ್ದರೆ ಲ್ಯಾಗಿಂಗ್ ಕಡೆಯ ಸಿ ಎಳೆಯೂ ಪ್ರತಿ ವಿಭಜನೆಗೆ ಸವೆಯುತ್ತದೆ. ತುದಿಯ ಸಮಸ್ಯೆ ಒಂದಲ್ಲ, ಎರಡು.

ಉಮೇಶ್ ಗೌಡ

ನಮಸ್ಕಾರ ಮೇಡಂ, ಸರ್. ವಿಷಯ ಚೆನ್ನಾಗಿದೆ. ನಾನು ಆನ್‌ಲೈನ್‌ನಲ್ಲಿ ರಕ್ತದ ಟೆಲೋಮಿಯರ್ ಟೆಸ್ಟ್ ಮಾಡಿಸಿದ್ದೆ. ನನಗೆ 46 ವರ್ಷ. ರಿಪೋರ್ಟ್‌ನಲ್ಲಿ ‘ಟೆಲೋಮಿಯರ್ ವಯಸ್ಸು 58’ ಅಂತ ಬಂದಿದೆ. ಅವತ್ತಿಂದ ನಿದ್ದೆ ಸರಿಯಾಗಿ ಬರ್ತಿಲ್ಲ. ಟೆಲೋಮರೇಸ್ ಜಾಸ್ತಿ ಮಾಡುವ ಮಾತ್ರೆಯನ್ನೂ ಅವರೇ ಮಾರುತ್ತಾರೆ. ತಗೊಳ್ಳಬಹುದಾ? ಯಾವುದು ಒಳ್ಳೆಯದು?

ತುದಿಎಳೆ

ಉಮೇಶ್ ಅವರೇ, ಮೊದಲು ಚೆನ್ನಾಗಿ ನಿದ್ದೆ ಮಾಡಿ. ಆ 58ಕ್ಕೆ ಹೆದರುವಷ್ಟು ಅರ್ಥ ಇಲ್ಲ.

ದೊಡ್ಡವರ ಬಿಳಿ ರಕ್ತಕಣಗಳಲ್ಲಿ ಟೆಲೋಮಿಯರ್ ವರ್ಷಕ್ಕೆ ಸುಮಾರು 20–30 ಅಕ್ಷರ ಸವೆಯುತ್ತದೆ. ಹನ್ನೆರಡು ವರ್ಷಕ್ಕೆ ಲೆಕ್ಕ ಹಾಕಿದರೆ 300 ಅಕ್ಷರದ ಆಸುಪಾಸು. ಒಂದೇ ವಯಸ್ಸಿನ ಆರೋಗ್ಯವಂತರ ನಡುವೆ ಸಾವಿರ, ಎರಡು ಸಾವಿರ ಅಕ್ಷರದ ವ್ಯತ್ಯಾಸ ಹುಟ್ಟಿನಿಂದಲೇ ಇರುತ್ತದೆ. ನೀವು ಸ್ವಲ್ಪ ಗಿಡ್ಡದಾಗಿಯೇ ಹುಟ್ಟಿರಬಹುದು, ಅಷ್ಟೇ. ಇಂಥ ಟೆಸ್ಟ್‌ಗಳು ಸಾಮಾನ್ಯವಾಗಿ ಪಿಸಿಆರ್ ವಿಧಾನದವು. ಅದೇ ರಕ್ತವನ್ನು ಎರಡು ಲ್ಯಾಬ್‌ಗೆ ಕೊಟ್ಟರೆ ಉತ್ತರ ಬೇರೆ ಬರಬಹುದು. ಡಿಎನ್‌ಎ ತೆಗೆದ ರೀತಿ ಬದಲಾದರೂ ಅಂಕಿ ಬದಲಾಗುತ್ತದೆ.

ಮಾತ್ರೆ ಬೇಡ. ಟೆಲೋಮರೇಸ್ ಜಾಸ್ತಿ ಮಾಡುತ್ತದೆ ಅನ್ನುವ ಮಾತು ನಿಜವೇ ಆಗಿದ್ದರೆ ಆ ಮಾತ್ರೆಗೆ ಇನ್ನೂ ಜಾಸ್ತಿ ಹೆದರಬೇಕು. ಯಾಕೆ ಅನ್ನುವುದನ್ನು ಕ್ಯಾನ್ಸರ್ ಕಡೆಯವರು ಯಾರಾದರೂ ಹೇಳಲಿ.

ರಘು_ಕೆ

ತುದಿಎಳೆ ಅವರೇ, ಚಾಚಿನ ಲೆಕ್ಕ ಒಪ್ಪಿದೆ. ಈಗ ನನ್ನದೊಂದು ಲೆಕ್ಕ. 1961ರಲ್ಲಿ ಹೇಫ್ಲಿಕ್ ಮತ್ತು ಮೂರ್‌ಹೆಡ್ ಭ್ರೂಣದ ಕೋಶಗಳನ್ನು ಬೆಳೆಸಿದಾಗ ಅವು ಸುಮಾರು 50 ಸಲ ವಿಭಜನೆಯಾಗಿ ನಿಂತವು. 50 ಸಲಕ್ಕೆ ತಲಾ 50–100 ಅಂದರೆ 2,500ರಿಂದ 5,000 ಅಕ್ಷರ. ಹುಟ್ಟುವಾಗ ನಮ್ಮ ಹತ್ತಿರ 10,000ಕ್ಕಿಂತ ಜಾಸ್ತಿ ಇರುತ್ತದೆ. ಅರ್ಧ ಉಳಿದಿರುವಾಗಲೇ ಕೋಶ ಯಾಕೆ ನಿಲ್ಲುತ್ತದೆ?

ತುದಿಎಳೆ

10,000 ಅನ್ನುವುದು ಸರಾಸರಿ, ರಘು ಅವರೇ. ಕೋಶಕ್ಕೆ ಸರಾಸರಿ ಗೊತ್ತಾಗುವುದಿಲ್ಲ. 46 ಕ್ರೋಮೋಸೋಮಿಗೆ 92 ತುದಿ. ಒಂದೊಂದರ ಉದ್ದ ಒಂದೊಂದು ಥರ. ಕೆಲವು ಮೊದಲೇ ತುಂಬಾ ಗಿಡ್ಡ. ಅವು ಕುಣಿಕೆ ಕಟ್ಟಲಾಗದಷ್ಟು ಚಿಕ್ಕದಾದಾಗ ಹಾನಿಯ ಸೂಚನೆ ಹೊರಡುತ್ತದೆ. 2012ರ ಒಂದು ಅಧ್ಯಯನ ತುದಿಗಳನ್ನು ಒಂದೊಂದಾಗಿ ಎಣಿಸಿತು. ಸುಮಾರು ಐದು ತುದಿ ಹೀಗೆ ಬೆತ್ತಲಾದರೆ ಪಿ53 ಎಂಬ ಕಾವಲು ಪ್ರೋಟೀನ್ ಎಚ್ಚೆತ್ತು ಕೋಶವನ್ನು ನಿಲ್ಲಿಸುತ್ತದೆ. ಉಳಿದ 87 ತುದಿ ಆರಾಮಾಗಿರಬಹುದು.

ಇನ್ನೊಂದು ವಿಷಯ. ನಿಲ್ಲುವುದು ಬೇರೆ, ಸಾಯುವುದು ಬೇರೆ. ಹೇಫ್ಲಿಕ್ ಕೋಶಗಳು ನಿಂತ ಮೇಲೂ ತಿಂಗಳುಗಟ್ಟಲೆ ಜೀವಂತ ಇರುತ್ತವೆ. ಉರಿಯೂತ ಹಬ್ಬಿಸುವ ಪ್ರೋಟೀನುಗಳನ್ನು ಹೊರಗೆ ಬಿಡುತ್ತಾ ಇರುತ್ತವೆ. ಮುಪ್ಪಿನಲ್ಲಿ ನಿಜವಾದ ತೊಂದರೆ ಕೊಡುವವು ಇಂಥ ಸಾಯದ ಕೋಶಗಳೇ ಇರಬಹುದು.

ಸ್ಲೈಡ್_ನೋಡುವವ

ನಾನು ಪ್ಯಾಥಾಲಜಿಯವನು, ಗಡ್ಡೆಗಳನ್ನೇ ನೋಡುತ್ತೇನೆ. ಕ್ಯಾನ್ಸರ್ ಭಾಗ ನಾನು ಹೇಳುತ್ತೇನೆ.

ಪಿ53 ಮತ್ತು ಅದರಂತೆಯೇ ವಿಭಜನೆ ತಡೆಯುವ ಆರ್‌ಬಿ ಎರಡೂ ಕೆಟ್ಟ ಕೋಶ ಈ ನಿಲ್ಲು ಅನ್ನುವ ಸೂಚನೆಯನ್ನು ಕೇಳುವುದಿಲ್ಲ. ವಿಭಜನೆ ಮುಂದುವರಿಸುತ್ತದೆ. ತುದಿಗಳು ಮತ್ತೂ ಸವೆಯುತ್ತವೆ. ಒಂದು ಹಂತದಲ್ಲಿ ಕ್ರೋಮೋಸೋಮುಗಳು ತುದಿಗೆ ತುದಿ ಅಂಟಿಕೊಳ್ಳುತ್ತವೆ. ವಿಭಜನೆಯಲ್ಲಿ ಎರಡೂ ಕಡೆ ಎಳೆದಾಗ ಎಲ್ಲೆಲ್ಲೋ ಹರಿಯುತ್ತವೆ, ಹರಿದದ್ದು ಮತ್ತೆ ಅಂಟುತ್ತದೆ. ಮೈಕ್ರೋಸ್ಕೋಪಿನಲ್ಲಿ ಎರಡು ಮರಿಕೋಶಗಳ ನಡುವೆ ಡಿಎನ್‌ಎ ಸೇತುವೆ ಕಾಣುತ್ತದೆ. ಈ ಹಂತಕ್ಕೆ ಕ್ರೈಸಿಸ್ ಅನ್ನುತ್ತೇವೆ. ಹೆಚ್ಚು ಕಡಿಮೆ ಎಲ್ಲ ಕೋಶಗಳೂ ಇಲ್ಲಿ ಸಾಯುತ್ತವೆ. ಫೈಬ್ರೋಬ್ಲಾಸ್ಟ್ ಪ್ರಯೋಗಗಳಲ್ಲಿ ಪಾರಾಗಿ ಬಂದದ್ದು ಸುಮಾರು ಒಂದು ಕೋಟಿಗೆ ಒಂದು ಕೋಶ. ಅದರ ಕ್ರೋಮೋಸೋಮುಗಳು ಅಷ್ಟರಲ್ಲಿ ಅಸ್ತವ್ಯಸ್ತ ಆಗಿರುತ್ತವೆ. ಅದು ಪಾರಾಗಿದ್ದು ಹೇಗೆ? ತುದಿ ಕಾಪಾಡುವ ದಾರಿ ಕಂಡುಕೊಂಡು.

ಸುಮಾರು 85–90% ಕ್ಯಾನ್ಸರುಗಳಲ್ಲಿ ಆ ದಾರಿ ಟೆಲೋಮರೇಸ್. ಒಂದು ನಿಜವಾದ ಉದಾಹರಣೆ ನೋಡೋಣ. ಟೆಲೋಮರೇಸಿನ ಮುಖ್ಯ ಭಾಗ ಮಾಡುವ ಜೀನ್ ಟರ್ಟ್, 5ನೇ ಕ್ರೋಮೋಸೋಮಿನಲ್ಲಿದೆ. ದೇಹದ ಬಹುಪಾಲು ಕೋಶಗಳಲ್ಲಿ ಅದು ಮುಚ್ಚಿರುತ್ತದೆ. 2013ರಲ್ಲಿ ಎರಡು ತಂಡಗಳು ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನಲ್ಲಿ ಒಂದು ವಿಚಿತ್ರ ಕಂಡವು. ಜೀನಿನ ಒಳಗೆ ಏನೂ ಬದಲಾಗಿಲ್ಲ. ಜೀನ್ ಶುರುವಾಗುವುದಕ್ಕೆ 124 ಅಕ್ಷರ ಮುಂಚೆ ಒಂದೇ ಒಂದು ಅಕ್ಷರ ಬದಲಾಗಿದೆ. ನಮ್ಮ ರಿಪೋರ್ಟುಗಳಲ್ಲಿ ಇದು C228T ಅಂತ ಬರುತ್ತದೆ. ಇನ್ನೊಂದು 146 ಅಕ್ಷರ ಮುಂಚೆ, C250T. ಎರಡೂ ಕಡೆ ಹೊಸದಾಗಿ GGAA ಅನ್ನುವ ಜಾಗ ಹುಟ್ಟುತ್ತದೆ. ಜಿಎಬಿಪಿ ಎಂಬ ಪ್ರೋಟೀನ್ ಅಲ್ಲಿ ಬಂದು ಕೂತು ಜೀನನ್ನು ತೆರೆಸುತ್ತದೆ. ಗ್ಲಯೋಬ್ಲಾಸ್ಟೋಮಾ ಎಂಬ ಮಿದುಳಿನ ಗಡ್ಡೆಯಲ್ಲೂ ಮೂತ್ರಕೋಶದ ಕ್ಯಾನ್ಸರಿನಲ್ಲೂ ಇದೇ ಬದಲಾವಣೆ ತುಂಬಾ ಸಾಮಾನ್ಯ.

ಉಮೇಶ್ ಅವರೇ, ಈಗ ಮಾತ್ರೆ ವಿಷಯ. ಮೊದಲೇ ಪಿ53 ಕೆಟ್ಟ ಒಂದು ಕೋಶ ನಮ್ಮ ಯಾರ ದೇಹದಲ್ಲಾದರೂ ಇರಬಹುದು. ಸವೆತವೇ ಅದನ್ನು ತಡೆದಿರುತ್ತದೆ. ಆ ತಡೆಯನ್ನು ನಾವಾಗಿಯೇ ತೆಗೆಯಬಾರದು.

ರಘು_ಕೆ

ಸರ್, ಹಾಗಾದರೆ ಟರ್ಟ್ ತೆರೆದ ಮೇಲೆ ಟೆಲೋಮಿಯರ್ ಉದ್ದ ಆಗುತ್ತದೆ ತಾನೇ? ನಾನು ಹೇಳಿದ್ದೂ ಅದೇ.

ಸ್ಲೈಡ್_ನೋಡುವವ

ಇಲ್ಲ ರಘು. ಗಡ್ಡೆಯ ಕೋಶ ಮತ್ತು ಪಕ್ಕದ ಮಾಮೂಲಿ ಕೋಶ ಎರಡನ್ನೂ ಒಂದೇ ಸ್ಲೈಡಿನಲ್ಲಿ ಬಣ್ಣ ಹಾಕಿ ನೋಡಿದರೆ ಎಷ್ಟೋ ಸಲ ಗಡ್ಡೆಯ ಟೆಲೋಮಿಯರ್ ಚುಕ್ಕಿಗಳೇ ಮಂಕಾಗಿರುತ್ತವೆ. ಅಂದರೆ ಗಿಡ್ಡ. ಆ ಕೋಶ ಟೆಲೋಮರೇಸ್ ಸಿಗುವ ಮುಂಚೆ ಎಷ್ಟೋ ವಿಭಜನೆ ಮುಗಿಸಿ ಬಂದಿರುತ್ತದೆ. 2017ರಲ್ಲಿ ಒಂದು ತಂಡ ಮಾನವ ಕೋಶಗಳಲ್ಲಿ ಈ ಒಂದೇ ಅಕ್ಷರವನ್ನು ಬದಲಾಯಿಸಿ ನೋಡಿತು. ಟೆಲೋಮಿಯರ್ ಒಟ್ಟಾರೆ ಸವೆಯುತ್ತಲೇ ಹೋಯಿತು. ಸಿಕ್ಕಿದ ಸ್ವಲ್ಪ ಟೆಲೋಮರೇಸ್ ಅತ್ಯಂತ ಗಿಡ್ಡ ತುದಿಗಳನ್ನಷ್ಟೇ ಹಿಡಿದು ನಿಲ್ಲಿಸಿತು. ಮುಂದೆ ತುದಿಗಳು ತೀರಾ ಗಿಡ್ಡವಾದ ಮೇಲೆ ಟೆಲೋಮರೇಸ್ ಇನ್ನೂ ಹೆಚ್ಚಿತು. ತುದಿಎಳೆ ಹೇಳಿದ ಐದು ತುದಿಗಳ ಮಾತಿಗೆ ಇದು ಸರಿಯಾಗಿ ಕೂರುತ್ತದೆ. ಬದುಕಲು ಎಲ್ಲ ತುದಿಯೂ ಉದ್ದ ಇರಬೇಕಿಲ್ಲ, ತೀರಾ ಗಿಡ್ಡವಾದವನ್ನು ಎತ್ತಿಹಿಡಿದರೆ ಸಾಕು.

ಉಳಿದ 10–15% ಗಡ್ಡೆಗಳಲ್ಲಿ ಟೆಲೋಮರೇಸೇ ಇಲ್ಲ. ಅವು ಒಂದು ಟೆಲೋಮಿಯರನ್ನು ಅಚ್ಚಾಗಿ ಇಟ್ಟುಕೊಂಡು ಇನ್ನೊಂದನ್ನು ಬೆಳೆಸುತ್ತವೆ. ಅಲ್ಲಿ ಚುಕ್ಕಿಗಳು ಕೆಲವು ಬಹಳ ದೊಡ್ಡವು, ಕೆಲವು ಇಲ್ಲವೇ ಇಲ್ಲ. ಎಟಿಆರ್‌ಎಕ್ಸ್ ಜೀನ್ ಹೋಗಿರುವುದು ಇವುಗಳಲ್ಲಿ ಸಾಮಾನ್ಯ. ಆದರೆ ಅದೊಂದು ಹೋದರೆ ಸಾಲದು. ಈ ದಾರಿ ನಿಜವಾಗಿ ಹೇಗೆ ಶುರುವಾಗುತ್ತದೆ ಅನ್ನುವುದು ಇನ್ನೂ ಬಿಡಿಸಿಲ್ಲ.

ಹಾಸನದ_ಹುಡುಗ

ನಾನು ವಿಜ್ಞಾನದವನಲ್ಲ. ಆದರೂ ಕೇಳಲೇಬೇಕು ಅನ್ನಿಸಿತು. ನನ್ನ ತಾತ ಶ್ವಾಸಕೋಶ ಗಟ್ಟಿಯಾಗಿ ತೀರಿಕೊಂಡರು, 68ನೇ ವಯಸ್ಸಿನಲ್ಲಿ. ದೊಡ್ಡಪ್ಪನಿಗೆ ಅದೇ ಕಾಯಿಲೆ 54ಕ್ಕೇ ಬಂದಿದೆ. ಇಬ್ಬರೂ ಸಿಗರೇಟು ಸೇದಿದವರಲ್ಲ. ದೊಡ್ಡಪ್ಪನ ಮಗನಿಗೆ 27. ಪ್ಲೇಟ್‌ಲೆಟ್ ಕಡಿಮೆ ಇದೆ, ಇಪ್ಪತ್ತಕ್ಕೇ ತಲೆ ಪೂರ್ತಿ ಬೆಳ್ಳಗಾಗಿತ್ತು. ಡಾಕ್ಟರ್ ‘ಟೆಲೋಮಿಯರ್ ಇರಬಹುದು’ ಅಂದರು, ಹೆಚ್ಚು ಬಿಡಿಸಿ ಹೇಳಲಿಲ್ಲ. ಇದು ಅದೇನಾ?

ತುದಿಎಳೆ

ಇಲ್ಲಿ ಕೂತು ಅದೇ ಅಂತ ಹೇಳುವುದು ನನ್ನ ಕೆಲಸವಲ್ಲ. ಆದರೆ ನಿಮ್ಮ ಡಾಕ್ಟರ್ ಯೋಚಿಸಿದ್ದಕ್ಕೆ ಗಟ್ಟಿಯಾದ ಕಾರಣ ಇದೆ. ಟೆಲೋಮರೇಸ್ ಜೀನುಗಳ ಒಂದು ಪ್ರತಿ ಕೆಟ್ಟಿದ್ದರೆ ಕಿಣ್ವ ಅರ್ಧದಷ್ಟೇ ಇರುತ್ತದೆ. ಗಿಡ್ಡ ಟೆಲೋಮಿಯರುಗಳೇ ಮುಂದಿನ ತಲೆಮಾರಿಗೆ ಹೋಗುತ್ತವೆ. ಹಾಗಾಗಿ ತಾತನಿಗೆ 60 ದಾಟಿ ಬಂದದ್ದು ಮಗನಿಗೆ ಬೇಗ ಬರುತ್ತದೆ. ಮೊಮ್ಮಗನಿಗೆ ಶ್ವಾಸಕೋಶದ ಬದಲು ಮೂಳೆಮಜ್ಜೆಯಲ್ಲೇ ಕಾಣಿಸಿಕೊಳ್ಳಬಹುದು, ಯಾಕೆಂದರೆ ರಕ್ತದ ಕಾಂಡಕೋಶಗಳು ತುಂಬಾ ವಿಭಜನೆ ಆಗುತ್ತವೆ. ಎಳೆ ವಯಸ್ಸಿನ ನರೆ ಕೂಡ ಇದರ ಜೊತೆ ಬರುವ ಲಕ್ಷಣ. ಮನೆತನದಲ್ಲಿ ಓಡುವ ಶ್ವಾಸಕೋಶದ ಫೈಬ್ರೋಸಿಸ್‌ನಲ್ಲಿ ಸುಮಾರು ಕಾಲು ಭಾಗಕ್ಕೆ ಟೆಲೋಮಿಯರ್ ಜೀನುಗಳ ದೋಷ ಸಿಗುತ್ತದೆ.

ನಿಮಗೆ ಬೇಕಾದದ್ದು ಉಮೇಶ್ ಅವರು ಮಾಡಿಸಿದ ಟೆಸ್ಟ್ ಅಲ್ಲ. ಫ್ಲೋ-ಫಿಶ್ ಅನ್ನುವ ಟೆಸ್ಟ್. ಅದು ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಟೆಲೋಮಿಯರನ್ನು ಅದೇ ವಯಸ್ಸಿನವರ ಜೊತೆ ಹೋಲಿಸುತ್ತದೆ. ನೂರು ಜನರಲ್ಲಿ ಅತಿ ಗಿಡ್ಡವಾದ ಒಬ್ಬರಿಗಿಂತಲೂ ಕೆಳಗೆ ಬಂದರೆ ಅನುಮಾನ ಬಲವಾಗುತ್ತದೆ. ಜೊತೆಗೆ ಟರ್ಟ್, ಟರ್ಕ್, ಆರ್‌ಟಿಇಎಲ್1, ಪಾರ್ನ್ ಮುಂತಾದ ಜೀನುಗಳ ಪರೀಕ್ಷೆ. ಜೆನೆಟಿಕ್ಸ್ ವಿಭಾಗ ಇರುವ ದೊಡ್ಡ ಆಸ್ಪತ್ರೆಯಲ್ಲಿ, ರಕ್ತರೋಗ ತಜ್ಞರನ್ನೂ ಜೊತೆಗಿಟ್ಟುಕೊಂಡು ಕೇಳಿ.

ಇದು ಸುಮ್ನೆ ತಿಳಿದುಕೊಳ್ಳುವುದಕ್ಕೆ ಅಲ್ಲ. ಫೈಬ್ರೋಸಿಸ್‌ಗೆ ಹಿಂದೆ ಸ್ಟೀರಾಯ್ಡ್ ಜೊತೆ ಅಜಾಥಿಯೋಪ್ರಿನ್ ಕೊಡುತ್ತಿದ್ದರು. 2011ರಲ್ಲಿ ಆ ಜೋಡಿ ಹಾನಿ ಮಾಡುತ್ತದೆ ಅಂತ ಗೊತ್ತಾಗಿ ಪ್ರಯೋಗದ ಆ ಭಾಗವನ್ನು ನಿಲ್ಲಿಸಿದರು. ಆಮೇಲೆ ವಿಂಗಡಿಸಿ ನೋಡಿದಾಗ ಹಾನಿ ಎದ್ದು ಕಂಡದ್ದು ಗಿಡ್ಡ ಟೆಲೋಮಿಯರಿನವರಲ್ಲೇ. ಶ್ವಾಸಕೋಶ ಕಸಿಗೆ ಹೋದರೂ ಮೂಳೆಮಜ್ಜೆ ಸೋಲುವ ಭಯ ಇವರಿಗೆ ಜಾಸ್ತಿ. ಮಜ್ಜೆ ಕಸಿ ಮಾಡುವುದಾದರೆ ದಾನಿ ಯಾರು ಅನ್ನುವುದೂ ಮುಖ್ಯ. ಮನೆಯವರಲ್ಲೇ ಒಬ್ಬರು ಆರೋಗ್ಯವಾಗಿ ಕಂಡರೂ ಅದೇ ದೋಷ ಹೊತ್ತಿರಬಹುದು, ಅವರನ್ನು ಪರೀಕ್ಷೆ ಮಾಡದೆ ತಗೊಳ್ಳಬಾರದು.

ಹಾಸನದ_ಹುಡುಗ

ತುಂಬಾ ಉಪಕಾರ ಆಯಿತು ಅಕ್ಕಾ. ದಾನಿ ವಿಷಯ ನಮಗೆ ಗೊತ್ತೇ ಇರಲಿಲ್ಲ. ಅಣ್ಣನಿಗೆ ದಾನಿ ಆಗುತ್ತೇನೆ ಅಂತ ನಾನೇ ಅಂದುಕೊಂಡಿದ್ದೆ. ಮೊದಲು ನನ್ನ ರಕ್ತ ಕೊಟ್ಟು ನೋಡಿಸುತ್ತೇನೆ.

ರಘು_ಕೆ

ಈ ಮನೆಯವರ ಕಥೆ ಕೇಳಿದ ಮೇಲೂ ಟೆಲೋಮಿಯರ್ ಸವೆತವೇ ಮುಪ್ಪು ಅನ್ನಬಾರದಾ?

ಸ್ಲೈಡ್_ನೋಡುವವ

ನನ್ನ ಅಭಿಪ್ರಾಯದಲ್ಲಿ ಅನ್ನಬಾರದು. ಲ್ಯಾಬ್ ಇಲಿಗಳ ಟೆಲೋಮಿಯರ್ ನಮ್ಮದಕ್ಕಿಂತ ಎಷ್ಟೋ ಪಟ್ಟು ಉದ್ದ, ಬದುಕುವುದು ಎರಡು-ಮೂರು ವರ್ಷ. ಟೆಲೋಮರೇಸ್ ಪೂರ್ತಿ ತೆಗೆದರೂ ಮೊದಲ ತಲೆಮಾರಿನ ಇಲಿಗಳು ಹೆಚ್ಚು ಕಡಿಮೆ ಚೆನ್ನಾಗಿಯೇ ಇದ್ದವು. ತೊಂದರೆ ದೊಡ್ಡದಾಗಿ ಕಂಡದ್ದು ಹಲವು ತಲೆಮಾರು ಕಳೆದ ಮೇಲೆ. ಇನ್ನೊಂದು ಕಡೆ, ಪಾಟ್1 ಜೀನಿನ ದೋಷದಿಂದ ಹುಟ್ಟಿನಿಂದಲೇ ಉದ್ದ ಟೆಲೋಮಿಯರ್ ಇರುವ ಮನೆತನಗಳಿವೆ. 2023ರಲ್ಲಿ ಅವರ ಬಗ್ಗೆ ವಿವರವಾಗಿ ಬಂತು. ಅವರಲ್ಲಿ ಜಾಸ್ತಿ ಕಂಡದ್ದು ಮೆಲನೋಮಾ, ಥೈರಾಯ್ಡ್ ಗಡ್ಡೆ ಮತ್ತು ರಕ್ತದಲ್ಲಿ ಒಂದೇ ಕೋಶದ ಸಂತತಿ ಬೆಳೆದುಬಿಡುವುದು. ಸವೆತ ಇರುವುದೇ ಗಡ್ಡೆ ತಡೆಯುವುದಕ್ಕೆ ಅನ್ನುವುದು ನನಗೆ ಖಾತ್ರಿ.

ತುದಿಎಳೆ

ನಾನು ಅಷ್ಟು ದೂರ ಹೋಗುವುದಿಲ್ಲ ಸರ್. ಎಲ್ಲ ಮುಪ್ಪೂ ಟೆಲೋಮಿಯರಿನಿಂದ ಅಲ್ಲ, ಒಪ್ಪುತ್ತೇನೆ. ವಿಭಜನೆಯೇ ಆಗದ ನರಕೋಶವೂ ಮುಪ್ಪಾಗುತ್ತದೆ. ಆದರೆ ಶ್ವಾಸಕೋಶ, ಮಜ್ಜೆ, ಲಿವರ್‌ನಲ್ಲಿ ಮಾಮೂಲಿ ವಯಸ್ಸಿನ ತೊಂದರೆಗೂ ಇದರ ಪಾಲು ಎಷ್ಟು ಅನ್ನುವುದನ್ನು ಯಾರೂ ಸರಿಯಾಗಿ ಅಳೆದಿಲ್ಲ. ಐದೇ ತುದಿ ಸಾಕು ಅಂದಮೇಲೆ ಸರಾಸರಿ ಅಳೆದು ಸಂಬಂಧ ಇಲ್ಲ ಅನ್ನುವುದೂ ಕಷ್ಟ.

ಸವಿತಾ_ಬಯಾಲಜಿ

ನನ್ನದು ಕೊನೆಯ ಪ್ರಶ್ನೆ. ಟೆಲೋಮರೇಸ್ ಇರುವ ಕೋಶದಲ್ಲಿ ಮೊದಲು ಹೇಳಿದ ಎರಡೂ ಸಮಸ್ಯೆ ಬಗೆಹರಿಯುತ್ತವಾ? ಮತ್ತೆ ಅದನ್ನೇ ನಿಲ್ಲಿಸಿದರೆ ಕ್ಯಾನ್ಸರ್ ಗುಣವಾಗಬೇಕಲ್ಲ?

ತುದಿಎಳೆ

ಒಂದು ಮಾತ್ರ ಬಗೆಹರಿಯುತ್ತದೆ ಮೇಡಂ. ಟೆಲೋಮರೇಸ್ ತನ್ನೊಳಗಿನ ಆರ್‌ಎನ್‌ಎ ಅಚ್ಚು ಇಟ್ಟುಕೊಂಡು ಜಿ ಎಳೆಗೆ TTAGGG ಸೇರಿಸುತ್ತದೆ. ಸಿ ಎಳೆಯನ್ನು ಅದು ಮುಟ್ಟುವುದೇ ಇಲ್ಲ. ಸಿ ಎಳೆ ತುಂಬಲು ಕ್ಯಾನ್ಸರ್ ಕೋಶಕ್ಕೂ ಸಿಎಸ್‌ಟಿ ಬೇಕೇ ಬೇಕು. ಸಿಎಸ್‌ಟಿಯ ಜೀನ್ ಕೆಟ್ಟ ಮಕ್ಕಳಲ್ಲಿ ಕೋಟ್ಸ್ ಪ್ಲಸ್ ಎಂಬ ಅಪರೂಪದ ಕಾಯಿಲೆ ಬರುತ್ತದೆ, ಕಣ್ಣು, ಮಿದುಳು, ಮೂಳೆ ಎಲ್ಲಕ್ಕೂ ತೊಂದರೆ.

ಔಷಧದ ವಿಷಯ ಸ್ಲೈಡ್ ಸರ್ ಹೇಳಲಿ.

ಸ್ಲೈಡ್_ನೋಡುವವ

ಇಮೆಟೆಲ್‌ಸ್ಟಾಟ್ ಅಂತ ಒಂದಿದೆ. 13 ಅಕ್ಷರದ ಸಣ್ಣ ತುಂಡು. ಟೆಲೋಮರೇಸಿನ ಆರ್‌ಎನ್‌ಎ ಅಚ್ಚಿಗೇ ಅಂಟಿ ಅದನ್ನು ಮುಚ್ಚುತ್ತದೆ. 2024ರ ಜೂನ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ಅದು ದೊಡ್ಡ ಗಡ್ಡೆಗಳಿಗೆ ಅಲ್ಲ. ಎಂಡಿಎಸ್ ಎಂಬ ಮಜ್ಜೆಯ ಕಾಯಿಲೆಯಲ್ಲಿ, ಅಪಾಯ ಕಡಿಮೆ ಇರುವ ಬಗೆಯವರಲ್ಲಿ, ಮತ್ತೆ ಮತ್ತೆ ರಕ್ತ ಹಾಕಿಸಿಕೊಳ್ಳಬೇಕಾದವರಿಗೆ. ಗಡ್ಡೆಗಳಲ್ಲಿ ತೊಡಕು ಲೆಕ್ಕದಲ್ಲೇ ಇದೆ. ಇವತ್ತು ಟೆಲೋಮರೇಸ್ ನಿಲ್ಲಿಸಿದರೂ ತುದಿ ಸವೆಯುವುದು ವಿಭಜನೆಗೆ 50–100 ಅಕ್ಷರ. ಕೋಶ ಸಾಯುವ ಹೊತ್ತಿಗೆ ಗಡ್ಡೆ ಎಷ್ಟೋ ಸಲ ದುಪ್ಪಟ್ಟಾಗಿರುತ್ತದೆ. ಅಷ್ಟರಲ್ಲಿ ಪ್ಲೇಟ್‌ಲೆಟ್ ಮತ್ತು ಬಿಳಿ ರಕ್ತಕಣ ಕುಸಿಯುತ್ತವೆ, ಔಷಧ ನಿಲ್ಲಿಸಬೇಕಾಗುತ್ತದೆ. ಔಷಧ ತಡೆದುಕೊಂಡು ಎರಡನೆಯ ದಾರಿಗೆ, ಟೆಲೋಮರೇಸ್ ಇಲ್ಲದ ದಾರಿಗೆ, ಹೊರಳುವ ಕೋಶಗಳೂ ಪ್ರಯೋಗಾಲಯದಲ್ಲಿ ಕಂಡಿವೆ.

ಸಿಎಸ್‌ಟಿಯನ್ನೇ ಗುರಿ ಮಾಡಿದರೆ ಎರಡೂ ದಾರಿಯ ಗಡ್ಡೆಗಳಿಗೆ ತಾಗಬಹುದಾ, ತುದಿಎಳೆ? ಆದರೆ ಮಜ್ಜೆಯ ಕಾಂಡಕೋಶಕ್ಕೂ ಅದೇ ಬೇಕಲ್ಲ.

ತುದಿಎಳೆ

ಅದೇ ತೊಡಕು ಸರ್. ಪಾಲಿಮರೇಸ್ ಆಲ್ಫಾ ಬೇರೆ ಎಲ್ಲ ಡಿಎನ್‌ಎಗೂ ಬೇಕು, ಅದನ್ನು ಮುಟ್ಟುವ ಹಾಗಿಲ್ಲ. ಸಿಎಸ್‌ಟಿ ಮತ್ತು ಆಲ್ಫಾ ಕೈ ಹಿಡಿಯುವ ಜಾಗದ ರಚನೆ ಈಗ ಗೊತ್ತಿದೆ. ಅಲ್ಲಿ ಮಾತ್ರ ಬಿಡಿಸಿದರೆ ಗಡ್ಡೆ ಮೊದಲು ಸೋಲುತ್ತದಾ, ಮಜ್ಜೆ ಮೊದಲು ಸೋಲುತ್ತದಾ? ಗಡ್ಡೆಯ ತುದಿಗಳು ಮೊದಲೇ ಗಿಡ್ಡ ಇರುವುದರಿಂದ ಗಡ್ಡೆಯೇ ಮೊದಲು ಅನ್ನುವುದು ನನ್ನ ಊಹೆ. ಹಾಸನದ ಹುಡುಗನ ದೊಡ್ಡಪ್ಪನಂಥವರಿಗೆ ಕ್ಯಾನ್ಸರ್ ಬಂದರೆ ಮಾತ್ರ ಈ ಊಹೆ ತಲೆಕೆಳಗಾಗುತ್ತದೆ.